ಬಿಸ್ಕತ್ತು ಹಾಕದೆಯೂ ಹಿಂದೆ ಬರುವ ನಾಯಿ

ಇಲ್ಲಿ ಜಾರ್ಜಿಯಾ ದೇಶದ ತ್ಬಿಲಿಸಿಯಲ್ಲಿ ಒಂದು ಬೀದಿನಾಯಿ ಮೂರು ಕಿಲೋಮೀಟರಿಗೂ ಜಾಸ್ತಿ ನನ್ನ ಜೊತೆ ನಡೆದು ಬಂತು ಅಂತ ಫೋನಿನಲ್ಲಿ ಹೇಳಿದರೆ ಅಕ್ಕ ನಕ್ಕುಬಿಟ್ಟಳು. "ಬಿಸ್ಕತ್ತು ಹಾಕಿರ್ತೀಯ ಬಿಡು" ಅಂದಳು. ಇಲ್ಲಕ್ಕಾ, ಕೈಯಲ್ಲಿ ಛತ್ರಿ ಬಿಟ್ಟರೆ ಏನೂ ಇರಲಿಲ್ಲ ಅಂದೆ. "ಸುಮ್‌ಸುಮ್ನೆ ನಿನ್ನ ಹಿಂದೆ ಯಾರು ಬರ್ತಾರೋ?" ಅಂದಳು. ತಮಾಷೆಗೇ ಅಂದಿದ್ದು, ಆದರೂ ಚುಚ್ಚಿತು.

ಆವತ್ತು ರುಸ್ತಾವೇಲಿ ಮೆಟ್ರೊದಿಂದ ವಾಕೆ ಪಾರ್ಕಿಗೆ ನಡೆದು ಹೊರಟಿದ್ದೆ. ಮೆಟ್ರೊ ಬಾಗಿಲಲ್ಲಿ ಮಲಗಿದ್ದ ಕಂದು ನಾಯಿ ಎದ್ದು ಮೈ ಕೊಡವಿಕೊಂಡಿತು. ಕಿವಿಯಲ್ಲಿ ಪ್ಲಾಸ್ಟಿಕ್ ಬಿಲ್ಲೆ. ಇಲ್ಲಿ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿಸಿ, ರೇಬಿಸ್ ಚುಚ್ಚುಮದ್ದು ಕೊಟ್ಟು, ಕಿವಿಗೆ ಆ ಬಿಲ್ಲೆ ಹಾಕಿ ಮತ್ತೆ ಅದೇ ಬೀದಿಗೆ ಬಿಡುತ್ತಾರೆ. ನಾನು ಅದರ ಕಡೆ ಒಮ್ಮೆ ನೋಡಿದೆ, ಹೆಜ್ಜೆ ಸ್ವಲ್ಪ ನಿಧಾನವಾಯಿತು, ಅಷ್ಟೇ. ನಾಯಿಗೆ ಅಷ್ಟೇ ಸಾಕು. ನಾವು ಕರೆದಿಲ್ಲ ಅಂದುಕೊಂಡಿರುತ್ತೇವೆ, ಅದರ ಲೆಕ್ಕದಲ್ಲಿ ಕರೆದಾಗಿರುತ್ತದೆ.

ಮೊದಲು ಹಿಂದೆ ಬಂತು. ಆಮೇಲೆ ಪಕ್ಕಕ್ಕೆ. ಸ್ವಲ್ಪ ಹೊತ್ತಿಗೆ ಮುಂದೆ ಹೋಗಿ, ತಿರುವಿನಲ್ಲಿ ನಿಂತು, ನಾನು ಯಾವ ಕಡೆ ಹೋಗುತ್ತೇನೆ ಅಂತ ತಿರುಗಿ ನೋಡತೊಡಗಿತು. ವಿಶ್ವವಿದ್ಯಾಲಯದ ಹಳೇ ಕಟ್ಟಡದ ಹತ್ತಿರ ಬೇರೆ ಎರಡು ನಾಯಿಗಳು ಎದ್ದು ನಿಂತವು. ನನ್ನ ಕಂದು ನಾಯಿ ತಕ್ಷಣ ಬಾಲ ಇಳಿಸಿ, ನನಗೂ ಗೋಡೆಗೂ ನಡುವೆ ತೂರಿಕೊಂಡು, ಪ್ಯಾಂಟಿಗೆ ಮೈ ತಾಗುವಷ್ಟು ಹತ್ತಿರ ನಡೆಯಿತು. ಆ ಎರಡೂ ಗುರ್ ಅಂದವು, ಮೂಸಿದವು, ಬಿಟ್ಟವು. ಅದು ಒಂಟಿಯಾಗಿ ಬಂದಿದ್ದರೆ ಅಷ್ಟು ಸುಲಭವಾಗಿ ಬಿಡುತ್ತಿರಲಿಲ್ಲ.

ನನಗೆ ಅರ್ಧ ಉತ್ತರ ಸಿಕ್ಕಿದ್ದು ಅಲ್ಲೇ. ನಾಯಿಗೆ ತನ್ನ ಜಾಗ ದಾಟಿ ಹೋಗಬೇಕು ಅಂದರೆ ಮನುಷ್ಯನ ಜೊತೆ ಹೋಗುವುದು ಕ್ಷೇಮ. ಜೊತೆಯಲ್ಲಿ ಒಬ್ಬ ಇದ್ದಾನೆ ಅಂದರೆ ಬೇರೆ ಗುಂಪಿನ ನಾಯಿಗಳು ಮೈಮೇಲೆ ಬೀಳಲು ಹಿಂಜರಿಯುತ್ತವೆ. ಒಂಟಿ ನಾಯಿ, ಗುಂಪು ಬಿಟ್ಟ ಹರೆಯದ ನಾಯಿ, ಯಾರೋ ಮನೆಯಲ್ಲಿ ಸಾಕಿ ಬಿಟ್ಟ ನಾಯಿ, ಇವೇ ಜಾಸ್ತಿ ಹೀಗೆ ಬರುವುದು. ಆದರೆ ಇದು ಅರ್ಧ ಉತ್ತರ ಮಾತ್ರ. ಹೋಗಲೇಬೇಕಾದ ಕೆಲಸ ಅದಕ್ಕೆ ವಾಕೆಯಲ್ಲಿ ಏನೂ ಇರಲಿಲ್ಲ. ಪಾರ್ಕಿನ ಹತ್ತಿರ ಯಾರೋ ಮುದುಕರು ವಾಪಸ್ಸು ಮೆಟ್ರೊ ಕಡೆ ಹೊರಟಿದ್ದರು, ಅವರ ಹಿಂದೆ ಹೋಯಿತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ!

ಉಳಿದ ಅರ್ಧ ಉತ್ತರ ನಮ್ಮ ದೇಶದ್ದೇ. ಕೊಲ್ಕತ್ತದ ಐಐಎಸ್‌ಇಆರ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳನ್ನು ಬೀದಿಯಲ್ಲೇ ಗಮನಿಸುತ್ತದೆ. 2017ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನದಲ್ಲಿ ಕೆಲವು ನಾಯಿಗಳಿಗೆ ಅಪರಿಚಿತರು ಪದೇ ಪದೇ ತಿನ್ನಲು ಕೊಟ್ಟರು, ಇನ್ನು ಕೆಲವಕ್ಕೆ ಬರೀ ತಲೆ ಸವರಿದರು. ಕೊನೆಗೆ ಆ ಅಪರಿಚಿತರನ್ನು ಜಾಸ್ತಿ ನಂಬಿ ಹತ್ತಿರ ಬಂದಿದ್ದು ತಲೆ ಸವರಿಸಿಕೊಂಡ ನಾಯಿಗಳು. ಅಂದರೆ ಮನುಷ್ಯನ ಜೊತೆಯೇ ಅದಕ್ಕೊಂದು ಲಾಭ. ಜೊತೆಗೆ ನಡೆಯುವುದೇ ಸಂಪಾದನೆ. ಬಿಸ್ಕತ್ತು ಆಮೇಲಿನ ಮಾತು.

ಹಾಗಾದರೆ ನಮ್ಮೂರಲ್ಲಿ ಯಾಕೆ ಇಷ್ಟು ದೂರ ಬರಲ್ಲ? ಬೆಂಗಳೂರಿನ ನಮ್ಮ ಬೀದಿಯ ನಾಯಿ ನನ್ನನ್ನು ಮೂರನೇ ಕ್ರಾಸ್ ಮೂಲೆಯವರೆಗೆ ಬಿಟ್ಟು, ಅಲ್ಲೇ ಕಂಬಕ್ಕೆ ಕಾಲೆತ್ತಿ, ವಾಪಸ್ಸು ಹೋಗುತ್ತಿತ್ತು. ಪ್ರತಿ ಕ್ರಾಸಿಗೂ ಒಂದು ಕಸದ ಮೂಲೆ, ಪ್ರತಿ ಗೇಟಿನ ಹೊರಗೆ ರಾತ್ರಿ ಮಿಕ್ಕಿದ ಸಾರನ್ನ. ಹತ್ತು ಮನೆಗೆ ಒಂದು ಗುಂಪು ಇರುವಾಗ ಗಡಿ ದಾಟುವುದು ಅಂದರೆ ಕಚ್ಚಾಟ. ಅದು ಒಂದು ಕಾರಣ ನಿಜ. ನನ್ನ ಮಟ್ಟಿಗೆ ದೊಡ್ಡ ಕಾರಣ ಬೇರೆಯೇ ಇದೆ.

ಬೆಂಗಳೂರಲ್ಲಿ ಶೂ ಲೇಸ್ ಕಟ್ಟಲು ಬಗ್ಗಿ ನೋಡಿ. ಹತ್ತಡಿ ದೂರದಲ್ಲಿ ಆರಾಮಾಗಿ ನಿಂತಿದ್ದ ನಾಯಿ ಛಂಗನೆ ಹಿಂದಕ್ಕೆ ಹಾರುತ್ತದೆ. ಕೈ ನೆಲಕ್ಕೆ ಹೋಯಿತು ಅಂದರೆ ಕಲ್ಲು ಬಂತು ಅಂತ ಅದಕ್ಕೆ ಮರಿಯಿದ್ದಾಗಲೇ ಗೊತ್ತು. ಕಲ್ಲು ಇರಲೇಬೇಕು ಅಂತಿಲ್ಲ, ಬಗ್ಗಿದರೆ ಸಾಕು. "ಹಚಾ" ಅನ್ನುವುದನ್ನು ನಾವೆಲ್ಲ ಮಾತು ಬರುವ ಮೊದಲೇ ಕಲಿತವರು ಅಲ್ವಾ. ರುಸ್ತಾವೇಲಿಯಲ್ಲಿ ನಾನು ಲೇಸ್ ಕಟ್ಟಲು ಕೂತಾಗ ಆ ನಾಯಿಯೂ ಕೂತಿತು. ಮೂತಿ ನನ್ನ ಮೊಣಕಾಲಿನ ಹತ್ತಿರ ತಂದು, ಗಂಟು ಹಾಕುವ ಬೆರಳುಗಳನ್ನೇ ನೋಡುತ್ತಿತ್ತು. ನಾನು ಎದ್ದ ಮೇಲೆ ಎದ್ದಿತು. ಕಲ್ಲು ಕಂಡ ನಾಯಿ ಹೀಗೆ ಕೂರಲ್ಲ ಅಂತ ನನಗನಿಸಿತು. ಅದನ್ನು ನೋಡಿ ನಮ್ಮ ಬೀದಿಯ ಮೇಲೆ ನನಗೆ ಸಿಟ್ಟು ಬಂತು, ಈಗಲೂ ಇದೆ.

ಹಿಂದೆ ಬರುವ ನಾಯಿಯೆಲ್ಲ ಸ್ನೇಹಕ್ಕೇ ಬರುತ್ತದೆ ಅಂತ ಹೇಳುತ್ತಿಲ್ಲ. ಕೆಲವು ನಮ್ಮನ್ನು ತಮ್ಮ ಜಾಗದಿಂದ ಹೊರಗೆ ಹಾಕಲು ಬರುತ್ತವೆ. ವ್ಯತ್ಯಾಸ ನೋಡಿದರೆ ಗೊತ್ತಾಗುತ್ತದೆ. ಹೊರಗೆ ಹಾಕುವ ನಾಯಿ ಸೀದಾ ಬೆನ್ನ ಹಿಂದೆಯೇ ಇರುತ್ತದೆ. ಮೈ ಬಿಗಿ, ಬಾಲ ಮೇಲೆ ಗಟ್ಟಿಯಾಗಿ ನಿಂತಿರುತ್ತದೆ, ನಾವು ನಿಂತರೆ ಅದೂ ನಿಂತು ದಿಟ್ಟಿಸುತ್ತದೆ. ಗಡಿ ಬಂದ ಕೂಡಲೇ ನಿಂತುಬಿಡುತ್ತದೆ. ಜೊತೆಗೆ ಬರುವ ನಾಯಿ ಅಂಕುಡೊಂಕಾಗಿ ನಡೆಯುತ್ತದೆ, ನೆಲ ಮೂಸುತ್ತದೆ, ಮುಂದೆ ಹೋಗಿ ಕಾಯುತ್ತದೆ. ನಾವು ನಿಂತರೆ ಅದು ಬೇರೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತದೆ.

ಇಲ್ಲಿನ ಬೆಟ್ಟದ ಸೀಮೆ ಕಝ್ಬೇಗಿಯ ಕಡೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಸ್ತೆಪಾಂತ್ಸ್‌ಮಿಂದಾ ಊರು ಸುಮಾರು 1,740 ಮೀಟರ್ ಎತ್ತರದಲ್ಲಿದೆ, ಗೆರ್ಗೆತಿ ಚರ್ಚು 2,170ರಲ್ಲಿ. ಊರಿನ ನಾಯಿಗಳು ಹತ್ತುವವರ ಜೊತೆ ಮೇಲಿನವರೆಗೂ ಬರುತ್ತವೆ, ಇಳಿಯುವ ಇನ್ಯಾರದೋ ಜೊತೆ ಇಳಿಯುತ್ತವೆ. ಅಲ್ಲಿ ವಾಪಸ್ಸು ಕರೆತರಲು ಜನ ಸಿಗುತ್ತಾರೆ. ನಗರದೊಳಗೆ ಯಾವಾಗಲೂ ಹಾಗಲ್ಲ. ದೂರ ಬಂದ ನಾಯಿ ಒಂಟಿಯಾಗಿ ಹಿಂದಿರುಗಬೇಕಾದರೆ ಅಷ್ಟೂ ಗುಂಪುಗಳನ್ನು ದಾಟಬೇಕು. ಅದಕ್ಕೇ ನಾನು ಈಗ ಜೊತೆ ಬೇಡ ಅಂದರೆ ಮೊದಲ ತಿರುವಿನಲ್ಲೇ ಅದರ ಕಡೆ ನೋಡುವುದು, ಮಾತಾಡಿಸುವುದು ನಿಲ್ಲಿಸಿ, ಯಾವುದಾದರೂ ಅಂಗಡಿಯೊಳಗೆ ಹೋಗಿ ಸ್ವಲ್ಪ ಹೊತ್ತು ಇರುತ್ತೇನೆ. ಹೊರಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಹೋಗಿರುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಮಾತು ಒಪ್ಪಬೇಕು, ಒಪ್ಪಲು ಮನಸ್ಸಿಲ್ಲದಿದ್ದರೂ. 2019ರಲ್ಲಿ ತಿರುಮಲೆಯಿಂದ ಶಬರಿಮಲೆಗೆ ಕಾಲ್ನಡಿಗೆಯಲ್ಲಿ ಹೊರಟ ಅಯ್ಯಪ್ಪ ಮಾಲಾಧಾರಿಗಳ ಹಿಂದೆ ಒಂದು ಬೀದಿನಾಯಿ ಹೊರಟಿತು. ಅವರು ಮೊದಲು ಅದನ್ನು ಗಮನಿಸಿಯೇ ಇರಲಿಲ್ಲವಂತೆ. ಆಗಾಗ ಹಿಂದೆ ಕಾಣಿಸುತ್ತಿತ್ತು, ಆಮೇಲೆ ತಾವು ಮಾಡಿಕೊಂಡ ಊಟದಲ್ಲೇ ಅದಕ್ಕೂ ಹಾಕಿದರು. ಸುದ್ದಿಯಾಗುವಷ್ಟರಲ್ಲಿ ಅದು ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರಕ್ಕೆ ಬಂದಿತ್ತು, ಸುಮಾರು 480 ಕಿಲೋಮೀಟರ್. ನಮ್ಮ ನಾಯಿಯೇ, ನಮ್ಮ ರಸ್ತೆಯಲ್ಲೇ. ಕಲ್ಲೆತ್ತದ ಜನ ಸಿಕ್ಕಿದರು, ಅಷ್ಟೇ.

ಜಾರ್ಜಿಯಾದ ನಾಯಿಗಳೆಲ್ಲ ಸಾಧುವೂ ಅಲ್ಲ. ಬೆಟ್ಟದ ಮೇಲೆ ಕುರಿ ಕಾಯುವ ದೊಡ್ಡ ನಾಯಿಗಳಿವೆ, ತೋಳದ ಜೊತೆ ಕಾದಾಡಲೆಂದೇ ಸಾಕಿದವು. ಅವು ಹಿಂದೆ ಬಂದರೆ ಕುರಿಯಿಂದ ದೂರ ಅಟ್ಟಲು. ಓಡಬಾರದು, ಮಂದೆಯ ನಡುವೆ ಹೋಗಬಾರದು. ಕುರಿಗಾಹಿ ಕೂಗಿ ಕರೆಯುವವರೆಗೆ ಸುಮ್ನೆ ನಿಲ್ಲಬೇಕು, ಇಲ್ಲವೇ ಅದರ ಮೇಲೆ ಕಣ್ಣಿಟ್ಟು ನಿಧಾನಕ್ಕೆ ಹಿಂದೆ ಸರಿಯಬೇಕು. ನಮ್ಮ "ಹಚಾ" ಅಲ್ಲಿ ಏನೂ ಕೆಲಸಕ್ಕೆ ಬರಲಿಲ್ಲ.