ಸತ್ಯಾಂಶ: ಬಯಲುಸೀಮೆಯ ನೆಲ ಕೆಡಿಸುವುದು ಆಡೇ?

“ಆಡು ಹುಲ್ಲನ್ನ ಬುಡಸಮೇತ ಬೋಳಿಸುತ್ತೆ, ಒಣಭೂಮಿಗೆ ಕುರಿಯೇ ವಾಸಿ, ನಿಜವಾ?”

ಅಲ್ಲ. ನೆಲಮಟ್ಟಕ್ಕೆ ಮೇಯುವುದು ಕುರಿ. ಮೇಲ್ತುಟಿ ಸೀಳಿರುವುದರಿಂದ ಅದರ ಹಲ್ಲು ಹುಲ್ಲಿನ ಬುಡಕ್ಕೇ ತಲುಪುತ್ತದೆ. ಆಡಿಗೆ ತಲೆ ಎತ್ತಿ ಸೊಪ್ಪು ಮೇಯುವುದೇ ಇಷ್ಟ. ಜಾಲಿಗಿಡದ ಮುಂದೆ ಹಿಂಗಾಲ ಮೇಲೆ ನಿಂತು, ಚುರುಕಾದ ತುಟಿ, ನಾಲಿಗೆಯಿಂದ ಮುಳ್ಳಿನ ನಡುವಿನ ಎಲೆಯನ್ನಷ್ಟೇ ಬಿಡಿಸಿಕೊಳ್ಳುತ್ತದೆ.

ಚಳ್ಳಕೆರೆ, ಪಾವಗಡದ ಕಡೆ ಬೇಸಿಗೆಯಲ್ಲಿ ಹುಲ್ಲು ಒಣಗಿದರೂ ಬೇರು ಆಳಕ್ಕಿಳಿದ ಜಾಲಿ, ಬೇವು ಹಸಿರಾಗಿರುತ್ತವೆ. ಆ ಸೊಪ್ಪಿನ ಒಗರನ್ನು ಆಡು ಕುರಿಗಿಂತ ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ಕೂಳೆ ಹೊಲ ಸಿಕ್ಕರೆ ಕುರಿಯೂ ಬದುಕುತ್ತದೆ ಅನ್ನಿ.

ಆದರೆ ಒಂದೇ ಕಡೆ ಮಿತಿಮೀರಿ ಆಡು ಬಿಟ್ಟರೆ ಸಸಿ ಉಳಿಯದು. ಬಾಯಿ ಎಟುಕುವ ಎತ್ತರದವರೆಗೆ ಪೊದೆ ಬೋಳಾಗಿ, ತೊಗಟೆ ಸುಲಿದಿದ್ದರೆ ಮಂದೆಯನ್ನು ಬೇರೆಡೆಗೆ ಹೊಡೆಯಬೇಕು.