ಕರೋಕೆಗೆ ದನಿ ತೆಗೆಯುವುದು: ಸಾಫ್ಟ್‌ವೇರ್‌ಗಿಂತ ಮೊದಲು ಹಾಡಿನ ಮಿಕ್ಸ್ ನೋಡಿ

ಕರೋಕೆ ಅಭ್ಯಾಸಕ್ಕೆ ಹಾಡಿನಿಂದ ದನಿ ತೆಗೆಯಬೇಕು ಅಂದ ತಕ್ಷಣ ಎಲ್ಲರೂ ಕೇಳುವುದು "ಯಾವ ಸಾಫ್ಟ್‌ವೇರ್ ಒಳ್ಳೆಯದು?" ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು, ಆ ಹಾಡನ್ನು ಹೇಗೆ ಮಿಕ್ಸ್ ಮಾಡಿದ್ದಾರೆ ಅಂತ. ಅದೇ ಸಾಫ್ಟ್‌ವೇರ್, ಅದೇ ಸೆಟ್ಟಿಂಗ್. ಒಂದು ಹಾಡಿನಲ್ಲಿ ದನಿ ಪೂರ್ತಿ ಮಾಯ. ಮುಂದಿನ ಹಾಡಿನಲ್ಲಿ ಬೇಸ್ ಗಿಟಾರ್ ಮಾಯ, ದನಿ ಅರ್ಧಕ್ಕರ್ಧ ಹಾಗೇ ಇರುತ್ತದೆ. ಯಾಕೆ ಹೀಗೆ ಅಂತ ಒಮ್ಮೆ ಗೊತ್ತಾದರೆ, ಯಾವ ಹಾಡಿಗೆ ಕೈ ಹಾಕಬೇಕು, ಯಾವುದನ್ನು ಬಿಡಬೇಕು ಅಂತ ಮೊದಲೇ ಹೇಳಬಹುದು.

ಹಳೆಯ ವಿಧಾನದಿಂದ ಶುರು ಮಾಡುತ್ತೇನೆ. ಸ್ಟೀರಿಯೋ ಹಾಡಿನಲ್ಲಿ ಎಡ, ಬಲ ಅಂತ ಎರಡು ಚಾನೆಲ್ ಇರುತ್ತವೆ. ಮುಖ್ಯ ಗಾಯಕರ ದನಿಯನ್ನು ಸಾಮಾನ್ಯವಾಗಿ ನಡುವೆ ಇಡುತ್ತಾರೆ. ಅಂದರೆ ಎರಡೂ ಚಾನೆಲ್‌ನಲ್ಲಿ ಅದು ಒಂದೇ ಮಟ್ಟದಲ್ಲಿ ಇರುತ್ತದೆ. ಗಿಟಾರ್, ಪಿಯಾನೋ, ವಯಲಿನ್‌ಗಳನ್ನು ಒಂದೊಂದು ಪಕ್ಕಕ್ಕೆ ಸರಿಸಿರುತ್ತಾರೆ. ಈಗ ಎಡದಿಂದ ಬಲವನ್ನು ಕಳೆಯಿರಿ. ಎಡದಲ್ಲಿ ದನಿ 1, ಗಿಟಾರ್ 0.8 ಇದೆ, ಬಲದಲ್ಲಿ ದನಿ 1, ಗಿಟಾರ್ 0.2 ಇದೆ ಅಂತಿಟ್ಟುಕೊಳ್ಳಿ. ಕಳೆದರೆ ದನಿ ಸೊನ್ನೆ, ಗಿಟಾರ್ 0.6. ಅಷ್ಟೇ ಲೆಕ್ಕ.

ಆಡಾಸಿಟಿ ಅನ್ನುವ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಇದನ್ನು ಕೈಯಾರೆ ಮಾಡಬಹುದು. ಟ್ರ್ಯಾಕ್‌ನ ಮೆನುವಿನಲ್ಲಿ Split Stereo to Mono ಒತ್ತಿ, ಎರಡರಲ್ಲಿ ಒಂದನ್ನು ಆಯ್ಕೆ ಮಾಡಿ Invert ಹಾಕಿ, ಎರಡನ್ನೂ ಒಟ್ಟಿಗೆ ಪ್ಲೇ ಮಾಡಿ. ಒಂದರ ಅಲೆ ತಲೆಕೆಳಗಾಗಿರುವುದರಿಂದ ಕೂಡಿದರೂ ಕಳೆದ ಹಾಗೇ ಆಗುತ್ತದೆ. ಸಿದ್ಧ ಎಫೆಕ್ಟ್ ಬೇಕೆಂದರೆ Vocal Reduction and Isolation ಇದೆ. ಆದರೆ ಒಮ್ಮೆಯಾದರೂ ಕೈಯಾರೆ ಮಾಡಿ ನೋಡಿ ಅನ್ನುತ್ತೇನೆ. ಎಡ, ಬಲದ ನಡುವಿನ ವ್ಯತ್ಯಾಸವನ್ನು ಮಾತ್ರ ಕೇಳಿದಾಗ ಆ ಹಾಡನ್ನು ಹೇಗೆ ಕಟ್ಟಿದ್ದಾರೆ ಅಂತ ಬಯಲಾಗುತ್ತದೆ.

ಗಮನಿಸಿ, ಈ ಲೆಕ್ಕದಲ್ಲಿ ದನಿ ಅನ್ನುವ ವಿಷಯವೇ ಇಲ್ಲ. ಅದು ಅಳಿಸುವುದು ನಡುವೆ ಇರುವುದನ್ನು, ದನಿಯನ್ನಲ್ಲ. ನಡುವೆ ಇನ್ನೇನಿರುತ್ತದೆ? ಬೇಸ್ ಗಿಟಾರ್ ಇರುತ್ತದೆ, ಕಿಕ್ ಡ್ರಮ್ ಇರುತ್ತದೆ, ಸ್ನೇರ್ ಕೂಡ ಹೆಚ್ಚಾಗಿ ಅಲ್ಲೇ ಇರುತ್ತದೆ. ದನಿಯ ಜೊತೆ ಇವೂ ಹೋಗುತ್ತವೆ. ಆಮೇಲೆ ಉಳಿಯುವುದು ಟ್ರಾನ್ಸಿಸ್ಟರ್ ರೇಡಿಯೋದಿಂದ ಬಂದಂಥ ತೆಳುವಾದ ಸಂಗೀತ. ಹಾಡುವವರಿಗೆ ತಾಳ ಹಿಡಿಯಲು ಬೇಕಾದದ್ದೇ ಇಲ್ಲ!

ಇದಕ್ಕೊಂದು ಪರಿಹಾರ ಇದೆ. ತಗ್ಗಿನ ಭಾಗವನ್ನು ಕಳೆಯದೆ ಹಾಗೇ ಉಳಿಸುವುದು. ಆಡಾಸಿಟಿಯ ಆ ಎಫೆಕ್ಟ್‌ನಲ್ಲಿ Low Cut for Vocals ಅಂತ ಒಂದು ಅಂಕಿ ಇದೆ, ಮೊದಲಿಗೆ ಅದು 120 ಹರ್ಟ್ಸ್ ಇರುತ್ತದೆ. ಅದಕ್ಕಿಂತ ಕೆಳಗಿನದನ್ನು ಅದು ಮುಟ್ಟುವುದಿಲ್ಲ, ಹಾಗಾಗಿ ಬೇಸ್ ಮತ್ತು ಕಿಕ್‌ನ ಬುಡ ಉಳಿಯುತ್ತದೆ. ಹಾಡಿರುವುದು ಹೆಣ್ಣು ದನಿಯಾದರೆ ಈ ಅಂಕಿಯನ್ನು ಇನ್ನಷ್ಟು ಮೇಲೆ, 180ರ ಹತ್ತಿರಕ್ಕೂ ಒಯ್ಯಬಹುದು. ಗಂಡು ದನಿಗೆ ಹಾಗೆ ಮಾಡಬೇಡಿ. ಗಂಡಸರ ತಗ್ಗಿನ ಸ್ವರಗಳು 100 ಹರ್ಟ್ಸ್ ಆಸುಪಾಸಿನಲ್ಲೂ ಇರುತ್ತವೆ. ಅಂಕಿ ಮೇಲೆ ಹೋದರೆ ಪದಗಳು ಹೋಗಿ ಒಂದು ಗುಂಯ್ ಅನ್ನುವ ಸದ್ದು ಹಿಂದೆ ಉಳಿದುಬಿಡುತ್ತದೆ.

ಬೇಸ್ ಹೋದರೆ ಸೇರಿಸಬಹುದು. ನಿಜವಾಗಿ ಕಾಡುವುದು ಪ್ರತಿಧ್ವನಿ. ಸ್ಟುಡಿಯೋದಲ್ಲಿ ದನಿಗೆ ಹಾಕುವ ರಿವರ್ಬ್ ಸಾಮಾನ್ಯವಾಗಿ ಸ್ಟೀರಿಯೋ. ಎಡಕ್ಕೆ ಬರುವ ಬಾಲವೇ ಬೇರೆ, ಬಲಕ್ಕೆ ಬರುವ ಬಾಲವೇ ಬೇರೆ. ಕಳೆದಾಗ ನಡುವಿನ ದನಿ ಸೊನ್ನೆಯಾಗುತ್ತದೆ, ಆದರೆ ಅದರ ರಿವರ್ಬ್ ಉಳಿಯುತ್ತದೆ. ದೂರದ ಖಾಲಿ ಕೋಣೆಯಲ್ಲಿ ಯಾರೋ ಹಾಡುತ್ತಿರುವ ಹಾಗೆ ಕೇಳುತ್ತದಲ್ಲ, ಅದು ಇದೇ. ಅಭ್ಯಾಸಕ್ಕೆ ಇದು ದೊಡ್ಡ ಸಮಸ್ಯೆ ಅನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ರಿವರ್ಬ್ ಅನ್ನುವುದು ತಡವಾಗಿ ಬರುವ ದನಿ. ಅದನ್ನು ಕೇಳುತ್ತಾ ಹಾಡಿದರೆ ಗೊತ್ತಿಲ್ಲದೇ ನಾವೂ ತಾಳಕ್ಕಿಂತ ಒಂಚೂರು ಹಿಂದೆ ಬೀಳುತ್ತೇವೆ. ಎತ್ತುವ ಜಾಗದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ಉದ್ದ ಎಳೆದು ಬಿಡುವ ಜಾಗದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ನಿಮ್ಮ ಹಾಡನ್ನು ರೆಕಾರ್ಡ್ ಮಾಡಿ, ಸಾಲಿನ ಕೊನೆಗಳನ್ನು ಮಾತ್ರ ಕೇಳಿ ನೋಡಿ.

ಇನ್ನು ಕ್ಯಾಸೆಟ್‌ನಿಂದ ತೆಗೆದ ಹಾಡುಗಳು. ಕಳೆಯುವ ವಿಧಾನ ಗೆಲ್ಲಬೇಕಾದರೆ ಎರಡೂ ಚಾನೆಲ್‌ನ ದನಿ ಕರಾರುವಾಕ್ಕಾಗಿ ಒಂದೇ ಆಗಿರಬೇಕು. ಮಟ್ಟದಲ್ಲಿ 1 ಡೆಸಿಬೆಲ್ ವ್ಯತ್ಯಾಸ ಬಂದರೂ ದನಿಯ ಸುಮಾರು ಹತ್ತನೇ ಒಂದು ಭಾಗ ಉಳಿದುಬಿಡುತ್ತದೆ. ಇದನ್ನು ಒಂದು ಚಾನೆಲ್‌ನ ವಾಲ್ಯೂಮ್ ಮೆಲ್ಲಗೆ ಆಡಿಸಿ, ದನಿ ಅತಿ ಕಡಿಮೆ ಕೇಳುವ ಜಾಗ ಹುಡುಕಿ ಸರಿ ಮಾಡಬಹುದು. ಸಮಯದ ವ್ಯತ್ಯಾಸ ಇನ್ನೂ ಕಷ್ಟ. ಕ್ಯಾಸೆಟ್ ಪ್ಲೇಯರ್‌ನ ಹೆಡ್ ಸ್ವಲ್ಪ ವಾಲಿದ್ದರೆ ಒಂದು ಚಾನೆಲ್ ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ ಇರುವ ಫೈಲಿನಲ್ಲಿ ಒಂದೇ ಒಂದು ಸ್ಯಾಂಪಲ್ ಹಿಂದೆ ಬಿದ್ದರೂ ಸಾಕು. 200 ಹರ್ಟ್ಸ್‌ನಲ್ಲಿ ದನಿ ಚೆನ್ನಾಗಿಯೇ ಅಳಿಯುತ್ತದೆ, ಆದರೆ 7,350 ಹರ್ಟ್ಸ್‌ಗೆ ಬಂದಾಗ ಒಂದಿಷ್ಟೂ ಅಳಿಯುವುದಿಲ್ಲ. ಕಿವಿಗೆ ಇದು ಹೇಗೆ ಕೇಳುತ್ತದೆ ಅಂದರೆ, ಆ, ಈ, ಓ ಎಲ್ಲ ಹೋಗಿ ಸ, ಶ, ಚ ಮಾತ್ರ ಸುಯ್ ಸುಯ್ ಅಂತ ಉಳಿಯುತ್ತವೆ. ಹಾಗೆ ಕೇಳಿಸಿದರೆ ಎಫೆಕ್ಟ್‌ನ ಸೆಟ್ಟಿಂಗ್ ತಿರುಗಿಸುತ್ತಾ ಕೂರಬೇಡಿ. ಸಾಧ್ಯವಾದರೆ ಸಿ.ಡಿ. ಪ್ರತಿ ಹುಡುಕಿ.

ಕಡಿಮೆ ಬಿಟ್‌ರೇಟ್‌ನ ಎಂಪಿ3ಗಳ ಕಥೆಯೂ ಹತ್ತಿರಹತ್ತಿರ ಹೀಗೇ. ಫೈಲ್ ಚಿಕ್ಕದಾಗಲಿ ಅಂತ ಎಡ, ಬಲದ ವ್ಯತ್ಯಾಸಕ್ಕೆ ಕಡಿಮೆ ಜಾಗ ಕೊಟ್ಟಿರುತ್ತಾರೆ. ಪೂರ್ತಿ ಹಾಡು ಕೇಳುವಾಗ ಅದು ಕಿವಿಗೆ ಬೀಳುವುದಿಲ್ಲ. ಆದರೆ ನಮಗೆ ಬೇಕಾಗಿರುವುದು ಆ ವ್ಯತ್ಯಾಸವೇ ಅಲ್ವಾ? ಅದನ್ನು ಮಾತ್ರ ಹೊರಗೆ ತೆಗೆದಾಗ ನೀರಿನೊಳಗಿಂದ ಬಂದ ಹಾಗೆ ಗುಳುಗುಳು ಅನ್ನುತ್ತದೆ.

ಮೋನೋ ಹಾಡುಗಳ ವಿಷಯ ಒಂದೇ ಮಾತು. ಎರಡೂ ಚಾನೆಲ್ ಒಂದೇ ಆದ್ದರಿಂದ ಕಳೆದರೆ ಪೂರ್ತಿ ಮೌನ. ಫೈಲ್ ಸ್ಟೀರಿಯೋ ಅಂತ ತೋರಿಸಿದರೂ ಒಳಗೆ ಮೋನೋ ಇರಬಹುದು. ಹತ್ತು ಸೆಕೆಂಡ್ ಕಳೆದು ನೋಡಿದರೆ ತಿಳಿದುಹೋಗುತ್ತದೆ.

ಇಂಥ ಹಾಡುಗಳಿಗೆ ಹೊಸ ವಿಧಾನವೇ ಗತಿ. 2019ರಲ್ಲಿ ಡೀಜರ್ ಕಂಪನಿ ಹಾಡಿನಿಂದ ದನಿ, ವಾದ್ಯಗಳನ್ನು ಬೇರ್ಪಡಿಸುವ ಸ್ಪ್ಲೀಟರ್ ಅನ್ನುವ ಸಾಫ್ಟ್‌ವೇರ್ ಅನ್ನು ಉಚಿತವಾಗಿ ಬಿಟ್ಟಿತು. ಫೇಸ್‌ಬುಕ್‌ನ ಸಂಶೋಧಕರು ಅಂಥದ್ದೇ ಡೀಮಕ್ಸ್ ಕೊಟ್ಟರು. ಇವು ದನಿ ನಡುವೆ ಇದೆಯೋ ಪಕ್ಕದಲ್ಲಿದೆಯೋ ಅನ್ನುವುದನ್ನೇ ನಂಬಿ ಕೂರುವುದಿಲ್ಲ. ದನಿ, ಡ್ರಮ್, ಬೇಸ್ ಬೇರೆಬೇರೆ ಇಟ್ಟ ಹಾಡುಗಳನ್ನು ಕೇಳಿಸಿ, ದನಿ ಅಂದರೆ ಹೇಗಿರುತ್ತದೆ ಅಂತ ಕಲಿಸಿರುತ್ತಾರೆ. ಮೋನೋ ಹಾಡಿನಲ್ಲೂ ಕೆಲಸ ಮಾಡುತ್ತವೆ. ಡೀಮಕ್ಸ್‌ಗೆ ಟರ್ಮಿನಲ್‌ನಲ್ಲಿ ಒಂದೇ ಸಾಲು ಸಾಕು:

```
demucs --two-stems=vocals hadu.wav
```

ಮುಗಿದಾಗ `separated/htdemucs/hadu` ಫೋಲ್ಡರ್‌ನಲ್ಲಿ `vocals.wav` ಮತ್ತು `no_vocals.wav` ಸಿಗುತ್ತವೆ. ಬೇಸ್ ಮತ್ತು ಡ್ರಮ್ ಬಹುಮಟ್ಟಿಗೆ ಹಾಗೇ ಉಳಿದಿರುತ್ತವೆ. ಹಳೆಯ ವಿಧಾನಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ, ಒಪ್ಪುತ್ತೇನೆ.

ಆದರೆ ಇದು ಎಡವುವ ಜಾಗ ಬೇರೆ. ಇದು ತೆಗೆಯುವುದು ದನಿಯನ್ನು ಹೋಲುವುದನ್ನು. ಈ ರಂಗದಲ್ಲಿ ಹೆಚ್ಚಾಗಿ ಬಳಸುವ ಮ್ಯೂಸ್‌ಡಿಬಿ18 ಅನ್ನುವ ಸಂಗ್ರಹದಲ್ಲಿ 150 ಹಾಡುಗಳಿವೆ, ಹೆಚ್ಚಿನವು ಪಾಶ್ಚಾತ್ಯ ಪಾಪ್ ಮತ್ತು ರಾಕ್. ಕೊಳಲೋ ವಯಲಿನ್ನೋ ಜಾರು, ಕಂಪನಗಳ ಜೊತೆ ಗಾಯಕನ ಹಾಗೇ ನುಡಿಸಿದರೆ ಅದನ್ನು ದನಿ ಅಂತ ಭಾವಿಸಿಬಿಡುತ್ತದೆ. ಕೋರಸ್ ಅಂತೂ ದನಿಯೇ ಆದ್ದರಿಂದ ಮುಖ್ಯ ಗಾಯಕರ ಜೊತೆಗೇ ಹೋಗುತ್ತದೆ. ಕೋರಸ್ ಇಟ್ಟುಕೊಂಡು ಮುಖ್ಯ ದನಿ ಮಾತ್ರ ತೆಗೆಯುತ್ತೇನೆ ಅಂದರೆ ಈ ಆಜ್ಞೆಯಿಂದ ಆಗುವ ಕೆಲಸವಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಿ. ಪಲ್ಲವಿ ಮುಗಿದ ಮೇಲೆ ಕೊಳಲಿನ ಬಿಜಿಎಂ, ಅದರ ಕೊನೆಯ ಸ್ವರ ಹಿಡಿದು ಚರಣ ಎತ್ತಬೇಕು. `no_vocals.wav` ಕೇಳಿದರೆ ಕೊಳಲು ಬಿಟ್ಟುಬಿಟ್ಟು ಬರುತ್ತದೆ. ಜೋರಾಗಿ ಊದಿದ ಕಡೆ ಇದೆ, ಮೆಲ್ಲಗೆ ಎಳೆದ ಕಡೆ ಇಲ್ಲ. ಕೊನೆಯ ಸ್ವರವಂತೂ ಅರ್ಧಕ್ಕೇ ನಿಂತಿದೆ. ಚರಣಕ್ಕೆ ಶ್ರುತಿ ಕೊಡಬೇಕಾದದ್ದೇ ಆ ಸ್ವರ. ಈಗ `vocals.wav` ತೆರೆದು ಅದೇ ಜಾಗ ಕೇಳಿ. ಯಾರೂ ಹಾಡದ ಕಡೆ ಕೊಳಲಿನ ತುಣುಕುಗಳು ಕುಳಿತಿರುತ್ತವೆ. ಹಾಗಾಗಿ ಯಾವ ಹಾಡಾದರೂ ನಾನು ಮೊದಲು ಕೇಳುವುದು ದನಿಯ ಫೈಲನ್ನು. ತಪ್ಪೆಲ್ಲ ಅಲ್ಲಿ ಎದ್ದು ಕಾಣುತ್ತದೆ.

ಕಳೆದುಹೋದ ಕೊಳಲು ಪಕ್ಕದ ಫೈಲಿನಲ್ಲೇ ಇದೆ ಅಂದಮೇಲೆ ಅದನ್ನು ವಾಪಸ್ ತರಬಹುದು. ಎರಡೂ ಫೈಲನ್ನು ಆಡಾಸಿಟಿಯಲ್ಲಿ ಒಂದರ ಕೆಳಗೊಂದು ಹಾಕಿ. ದನಿಯ ಟ್ರ್ಯಾಕ್‌ನಲ್ಲಿ ನಿಜವಾಗಿ ಹಾಡಿರುವ ಭಾಗಗಳನ್ನು ಮಾತ್ರ ಒಂದೊಂದಾಗಿ ಆಯ್ಕೆ ಮಾಡಿ Ctrl+L ಒತ್ತಿ ಮೌನ ಮಾಡಿ. ಬಿಜಿಎಂ ಜಾಗ ಮುಟ್ಟಬೇಡಿ. ಕತ್ತರಿಸಿದ ಅಂಚಿನಲ್ಲಿ ಟಕ್ ಅಂದರೆ ಸಣ್ಣ Fade In, Fade Out ಕೊಡಿ. ಎರಡನ್ನೂ ಸೇರಿಸಿ ಎಕ್ಸ್‌ಪೋರ್ಟ್ ಮಾಡಿದರೆ ಕೊಳಲು ಪೂರ್ತಿ ಬರುತ್ತದೆ. ಇದು ಮುಗಿಯುವವರೆಗೆ ಯಾವ ಟ್ರ್ಯಾಕನ್ನೂ ಹಿಂದೆಮುಂದೆ ಜರುಗಿಸಬೇಡಿ, ವಾಲ್ಯೂಮ್ ಕೂಡ ಎರಡಕ್ಕೂ ಒಂದೇ ಇರಲಿ.

ಕೊಳಲು ಗಾಯಕರ ಜೊತೆಜೊತೆಗೇ ನುಡಿಯುವ ಸಾಲುಗಳಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕೊಳಲು ಬೇಕೆಂದರೆ ದನಿಯೂ ಬರುತ್ತದೆ. ಅಂಥ ಕಡೆ ದನಿಯನ್ನು ಪೂರ್ತಿ ತೆಗೆಯುವ ಹಟವನ್ನೇ ನಾನು ಬಿಡುತ್ತೇನೆ. ಆ ಸಾಲುಗಳನ್ನು ಮೌನ ಮಾಡುವ ಬದಲು 15 ಡೆಸಿಬೆಲ್ ಇಳಿಸುತ್ತೇನೆ. ನಮ್ಮ ದನಿ ಮೇಲೆ ಬಂದರೆ ಒಳಗಿನ ದನಿ ಬಹುತೇಕ ಮುಚ್ಚಿಹೋಗುತ್ತದೆ, ತಪ್ಪಿದಾಗ ಮಾತ್ರ ಮೂಲ ಸ್ವರ ಕಿವಿಗೆ ತಾಗುತ್ತದೆ. ವೇದಿಕೆಗೆ ಒಯ್ಯುವ ಟ್ರ್ಯಾಕ್ ಆದರೆ ಇದು ಸಾಲದು, ಅದಕ್ಕೆ ಸ್ಟುಡಿಯೋದವರೇ ಬಿಟ್ಟ ದನಿಯಿಲ್ಲದ ಟ್ರ್ಯಾಕ್ ಇದೆಯಾ ಅಂತ ಮೊದಲು ಹುಡುಕಿ. ಅಭ್ಯಾಸಕ್ಕಾದರೆ ಪೂರ್ತಿ ಅಳಿಸಿ ಸೊರಗಿಸಿದ ಟ್ರ್ಯಾಕ್‌ಗಿಂತ, ಚೂರು ದನಿ ಉಳಿದು ವಾದ್ಯಗಳು ಪೂರ್ತಿ ಇರುವ ಟ್ರ್ಯಾಕನ್ನೇ ನಾನು ಆರಿಸಿಕೊಳ್ಳುತ್ತೇನೆ.