ಚಪ್ಪಲಿ ಹಾಕಿ ಅಂತ ಬರೆದ್ರೆ ಸಾಕಾ?

ಹಳ್ಳಿ ಹೆಲ್ತ್ ಕ್ಯಾಂಪ್‌ಗೆ ಜಂತುಹುಳು ಪೋಸ್ಟರ್ ಬರೀರಿ ಅಂದ್ರೆ ಮೂರು ಸಾಲು ಯೋಚನೆ ಮಾಡೋ ಮೊದಲೇ ಬಂದು ಕೂತ್ಬಿಡುತ್ತೆ. ಚಪ್ಪಲಿ ಹಾಕಿ, ಕೈ ತೊಳೀರಿ, ಶುದ್ಧ ನೀರು ಕುಡೀರಿ. ಕೆಳಗೆ ನಗ್ತಿರೋ ಮಗು, ಒಂದು ನಲ್ಲಿ, ಪಕ್ಕದಲ್ಲಿ ತೋಳಿನಷ್ಟು ದಪ್ಪದ ಹುಳುವಿನ ಚಿತ್ರ. ಜನ ಓದ್ತಾರೆ, ಹೌದಪ್ಪ ಹೌದು ಅಂತ ತಲೆ ಆಡಿಸ್ತಾರೆ, ಮುಂದೆ ಹೋಗ್ತಾರೆ. ಅವರದ್ದೇನೂ ತಪ್ಪಿಲ್ಲ ಬಿಡಿ, ಅದ್ರಲ್ಲಿ ಅವರಿಗೆ ಗೊತ್ತಿಲ್ಲದ ವಿಷಯ ಒಂದಾದ್ರೂ ಇದ್ರೆ ತಾನೇ ನಿಂತು ಓದೋದು.

ಒಬ್ಬ ಅಜ್ಜಿ ಮಾತ್ರ ಕ್ಯೂನಲ್ಲಿ ನಿಂತು ಮೂರೂ ಸಾಲು ಓದಿಸ್ಕೊಂಡು ಕೇಳಿದ್ರು, "ಹುಳ ಇರೋದು ಹೊಟ್ಟೇಲಿ, ಚಪ್ಪಲಿ ಹಾಕೋದು ಕಾಲಿಗೆ, ಇದಕ್ಕೂ ಅದಕ್ಕೂ ಏನವ್ವ ಸಂಬಂಧ?" ನೋಡಿ, ಇಡೀ ಪೋಸ್ಟರ್ ಉತ್ತರ ಕೊಡಬೇಕಾಗಿದ್ದು ಇದೊಂದೇ ಪ್ರಶ್ನೆಗೆ, ಅದನ್ನೇ ಅದು ಹೇಳಿರ್ಲಿಲ್ಲ. ಮೂರು ಸಾಲು ಒಂದೇ ಹುಳುವಿಗೆ ಮೂರು ಔಷಧಿ ಅನ್ನೋ ಥರ ಬರೆದಿರ್ತೀವಿ, ಆದ್ರೆ ಅಸಲಿಗೆ ಒಂದೊಂದು ಸಾಲೂ ಹುಳ ಬರೋ ಬೇರೆ ಬೇರೆ ದಾರಿ ಮುಚ್ಚೋಕೆ ಇರೋದು. ಚಪ್ಪಲಿ ತಡೆಯೋದು ಮುಖ್ಯವಾಗಿ ಕೊಕ್ಕೆ ಹುಳೂನ. ದುಂಡು ಹುಳ ಬರೋದು ಬಾಯಿಂದ, ಅದಕ್ಕೆ ನೀವು ದಿನವಿಡೀ ಬೂಟು ಹಾಕ್ಕೊಂಡು ಓಡಾಡಿದ್ರೂ ಒಂದೇ ಬಿಟ್ರೂ ಒಂದೇ.

ಅಜ್ಜಿ ಪ್ರಶ್ನೆ ಸಣ್ಣದಲ್ಲ, ಒಂದು ಕಾಲದಲ್ಲಿ ಡಾಕ್ಟರುಗಳಿಗೂ ಉತ್ತರ ಗೊತ್ತಿರ್ಲಿಲ್ಲ. ಕೊಕ್ಕೆ ಹುಳ ಬಾಯಿಂದಲೇ ಹೊಟ್ಟೆಗೆ ಹೋಗುತ್ತೆ ಅಂತಾನೇ ನಂಬಿದ್ರು. 1890ರ ದಶಕದ ಕೊನೇಲಿ ಕೈರೋದಲ್ಲಿ ಆರ್ಥರ್ ಲೂಸ್ ಅನ್ನೋ ಜರ್ಮನ್ ವಿಜ್ಞಾನಿ ಈ ಹುಳುವಿನ ಮರಿಗಳಿದ್ದ ನೀರನ್ನ ಗಿನಿಪಿಗ್‌ಗಳ ಬಾಯಿಗೆ ಹಾಕ್ತಿದ್ದಾಗ ಒಂದು ಹನಿ ಅವರ ಕೈ ಮೇಲೆ ಬಿತ್ತು. ಆ ಜಾಗ ಉರೀತು, ಕೆಂಪಾಯ್ತು. ಬೇರೆಯವರಾಗಿದ್ರೆ ಒರೆಸ್ಕೊಂಡು ಸುಮ್ಮನಾಗ್ತಿದ್ರು, ಈ ಮನುಷ್ಯ ಕೈ ಮೇಲೆ ಉಳಿದಿದ್ದ ನೀರನ್ನ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದ್ರು, ಮರಿಗಳು ಹೆಚ್ಚುಕಮ್ಮಿ ಮಾಯ! ಆಮೇಲೆ ಕೆಲವು ವಾರ ಬಿಟ್ಟು ತಮ್ಮ ಮಲಾನೇ ಪರೀಕ್ಷೆ ಮಾಡಿದಾಗ ಕೊಕ್ಕೆ ಹುಳುವಿನ ಮೊಟ್ಟೆ ಸಿಕ್ತು. ಚರ್ಮ ಕೊರೆದು ಒಳಗೆ ಹೋಗೋ ಹುಳ ಅಂತ ಮೊದಲಿಗೆ ತುಂಬಾ ಜನ ನಂಬಲೇ ಇಲ್ಲ.

ಪೋಸ್ಟರ್‌ನಲ್ಲಿ ಕೈರೋ ಕಥೆಗೆ ಜಾಗ ಇಲ್ಲ, ಆದ್ರೆ ಹುಳುವಿನ ಕಥೆಗೆ ಜಾಗ ಮಾಡ್ಲೇಬೇಕು, ಅದೂ ದಿನ ಲೆಕ್ಕದಲ್ಲಿ. ಸೋಮವಾರ ಯಾರೋ ಪೊದೆ ಹಿಂದೆ ನೆರಳಲ್ಲಿ ಕೂತು ಎದ್ದು ಹೋದ್ರು ಅಂದ್ಕೊಳ್ಳಿ, ಅವರ ಹೊಟ್ಟೇಲಿ ಕೊಕ್ಕೆ ಹುಳ ಇತ್ತು. ಮೊಟ್ಟೆಗಳು ಮಲದ ಜೊತೆ ಹೊರಗೆ ಬಂದಿವೆ, ಮಣ್ಣು ತೇವ ಇದೆ, ಬೆಚ್ಚಗಿದೆ. ಬುಧವಾರದ ಹೊತ್ತಿಗೆ ಮೊಟ್ಟೆ ಒಡೆದು ಮರಿ ಬರುತ್ತೆ. ಇನ್ನೊಂದು ವಾರ ಕಳೆಯೋದ್ರೊಳಗೆ ಆ ಮರಿ ಚರ್ಮ ಕೊರೆಯೋಕೆ ರೆಡಿ, ಉದ್ದ ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ ಅಷ್ಟೇ, ಬರಿಗಣ್ಣಿಗೆ ಕಾಣೋದು ಕಷ್ಟ. ಅಷ್ಟೊತ್ತಿಗೆ ಅಲ್ಲಿ ಮಲ ಬಿದ್ದಿದ್ದ ಗುರುತೂ ಉಳಿದಿರೋದಿಲ್ಲ, ಮಳೆಗೆ ಕೊಚ್ಕೊಂಡು ಹೋಗಿರುತ್ತೆ, ನೋಡೋಕೆ ಬರೀ ಮಣ್ಣು. ಜನ ಗಲೀಜು ಕಂಡ್ರೆ ಹೇಗೂ ದಾಟ್ಕೊಂಡು ಹೋಗ್ತಾರೆ, ಗಲೀಜು ಕಾಣದೇ ಇರೋ ಕಡೆ ಧೈರ್ಯವಾಗಿ ಕಾಲಿಡ್ತಾರೆ, ಹುಳ ಕಾಯ್ತಿರೋದೂ ಅಲ್ಲೇ. ಬಿಸಿಲು ಬಿದ್ದು ಮಣ್ಣು ಒಣಗಿದ್ರೆ ಮರಿ ಸಾಯುತ್ತೆ, ನೆರಳು ತೇವ ಎರಡೂ ಇದ್ರೆ ಮೂರ್ನಾಲ್ಕು ವಾರ ಬದುಕಿರುತ್ತೆ, ಇರೋ ಜಾಗ ಬಿಟ್ಟು ದೂರಾನೂ ಹೋಗಲ್ಲ.

ಚೆಂಡು ಹುಡುಕ್ಕೊಂಡು ಒಬ್ಬ ಹುಡುಗ ಬರಿಗಾಲಲ್ಲಿ ಆ ಪೊದೆ ಹಿಂದೆ ಬರ್ತಾನೆ, ಒಂದಷ್ಟು ಹೊತ್ತು ಅಲ್ಲೇ ತಡಕಾಡ್ತಾನೆ. ಬೆರಳ ಸಂದಿಯಿಂದ ಮರಿ ಒಳಗೆ ಹೋಗೋಕೆ ಕೆಲವೇ ನಿಮಿಷ ಸಾಕು. ಆಮೇಲೆ ಕಾಲಲ್ಲಿ ಕೆಂಪು ಗುಳ್ಳೆ, ಕಡಿತ, ಅಮ್ಮ ಎಣ್ಣೆ ಹಚ್ತಾಳೆ, ಒಂದು ವಾರ ಹತ್ತು ದಿನದಲ್ಲಿ ಹೋಗುತ್ತೆ, ಎಲ್ರೂ ಮರೀತಾರೆ. ಮರಿ ಮಾತ್ರ ರಕ್ತದಲ್ಲಿ ಹೃದಯಕ್ಕೆ ಹೋಗಿ, ಅಲ್ಲಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲವರೆಗೆ ಮೇಲೆ ಬಂದು, ಹುಡುಗ ಎಂಜಲು ನುಂಗಿದಾಗ ಅದರ ಜೊತೆ ಹೊಟ್ಟೆಗೆ ಇಳಿದು ಸಣ್ಣ ಕರುಳಿನ ಗೋಡೆ ಕಚ್ಚಿ ಹಿಡಿಯುತ್ತೆ. ಕಾಲಿಗೆ ಹತ್ತಿ ಐದಾರು ವಾರ ಆಗೋ ಹೊತ್ತಿಗೆ ಅದು ದೊಡ್ಡದಾಗಿ, ಅಂದ್ರೆ ಬರೀ ಒಂದು ಸೆಂಟಿಮೀಟರ್ ಆಗಿ, ತಾನೂ ಮೊಟ್ಟೆ ಇಡೋಕೆ ಶುರು ಮಾಡಿರುತ್ತೆ. ಅಜ್ಜಿಗೆ ಇದನ್ನ ಬೆರಳಲ್ಲಿ ಕಾಲಿಂದ ಎದೆಗೆ, ಎದೆಯಿಂದ ಗಂಟಲಿಗೆ, ಗಂಟಲಿಂದ ಹೊಟ್ಟೆಗೆ ತೋರಿಸ್ಕೊಂಡು ಹೇಳಿದ್ರೆ ಒಂದು ನಿಮಿಷ ಸುಮ್ಮನಿದ್ದು "ಥೂ, ಎಷ್ಟು ಸುತ್ಕೊಂಡು ಬರ್ತದೆ ಮುಂಡೇದು" ಅಂದ್ರು. ನನ್ನ ಪ್ರಕಾರ ಪೋಸ್ಟರ್‌ಗೆ ಬೇಕಾಗಿರೋ ಚಿತ್ರ ಅದೇ, ಒಂದು ಮನುಷ್ಯನ ಆಕಾರ, ಮೇಲೆ ಹೋಗಿ ಕೆಳಗೆ ಇಳಿಯೋ ಒಂದು ಗೆರೆ. ತೋಳಿನ ದಪ್ಪದ ಹುಳ ಬರೆದ್ರೆ ನಮ್ಮಲ್ಲಿ ಅಂಥಾ ಹುಳ ಇಲ್ಲವೇ ಇಲ್ಲ ಅಂತಾರೆ, ನಿಜಾನೇ ಅಲ್ವಾ, ಕೊಕ್ಕೆ ಹುಳೂನ ಅದರ ನಿಜವಾದ ಅಳತೇಲೇ ಬರೀಬೇಕು.

ಇಷ್ಟು ಸಣ್ಣ ಹುಳ ಏನು ಮಾಡೀತು ಅಂದ್ರೆ ಲೆಕ್ಕ ಹಾಕಿ ನೋಡಿ. ಕೊಕ್ಕೆ ಹುಳದಲ್ಲಿ ಮನುಷ್ಯರಿಗೆ ಬರೋದು ಮುಖ್ಯವಾಗಿ ಎರಡು ಜಾತಿ, ಒಂದು ಜಾತಿದು ದಿನಕ್ಕೆ ಕುಡಿಯೋದು ಸುಮಾರು 0.03 ಎಂಎಲ್ ರಕ್ತ, ಒಂದು ಹನೀನೂ ಅಲ್ಲ. ಇನ್ನೊಂದು ಜಾತಿ ಅದರ ಐದು ಪಟ್ಟು, 0.15 ಎಂಎಲ್ ಹತ್ರ. ಹೊಟ್ಟೇಲಿ ಮೊದಲನೇ ಜಾತಿದು ನೂರು ಹುಳ ಇದ್ರೆ ದಿನಕ್ಕೆ 3 ಎಂಎಲ್, ತಿಂಗಳಿಗೆ 90. ಎರಡನೇದು ನೂರಿದ್ರೆ ತಿಂಗಳಿಗೆ 450 ಎಂಎಲ್, ಗಟ್ಟಿಮುಟ್ಟಾದ ದೊಡ್ಡವರು ರಕ್ತದಾನಕ್ಕೆ ಕೊಡೋವಷ್ಟು, ಅದನ್ನ ಪ್ರತಿ ತಿಂಗಳು ಕೊಡ್ತಾ ಇದ್ದ ಹಾಗೆ. ರಕ್ತದ ಜೊತೆ ಕಬ್ಬಿಣದ ಅಂಶಾನೂ ಹೋಗುತ್ತೆ, ಮಗು ಬಿಳಿಚ್ಕೊಳ್ಳುತ್ತೆ, ಕೆಳಗಿನ ಕಣ್ಣಿನ ರೆಪ್ಪೆ ಎಳೆದು ನೋಡಿದ್ರೆ ಒಳಗೆ ಕೆಂಪಿರಲ್ಲ, ನಾಲ್ಕು ಹೆಜ್ಜೆ ಓಡಿದ್ರೆ ಏದುಸಿರು, ಕ್ಲಾಸಲ್ಲಿ ತೂಕಡಿಕೆ. ಕೆಲವು ಮಕ್ಕಳು ಮಣ್ಣು ತಿನ್ನೋಕೆ ಶುರು ಮಾಡ್ತವೆ. ಕಾಲು ಕಡಿದದ್ದು ಯಾವಾಗ್ಲೋ, ಸುಸ್ತು ಕಾಣೋದು ತಿಂಗಳುಗಟ್ಟಲೆ ಆದ್ಮೇಲೆ, ಹಾಗಾಗಿ ಎರಡನ್ನೂ ಸೇರಿಸಿ ನೋಡೋದು ಯಾರಿಗೂ ಹೊಳೆಯಲ್ಲ, ಸೋಮಾರಿ ಅಂತ ಬೈಸ್ಕೊಳ್ಳೋದು ಮಾತ್ರ ಆ ಮಗು.

ಇದೆಲ್ಲ ಗೊತ್ತಾದ್ಮೇಲೆ "ಚಪ್ಪಲಿ ಹಾಕಿ" ಅನ್ನೋ ಸಾಲು ಬದಲಾಗ್ಲೇಬೇಕು. ಎಲ್ಲಿ ಹಾಕ್ಬೇಕು ಅಂತ ಹೇಳದೇ ಇದ್ರೆ ಜನ ಪೇಟೆಗೆ ಹೋಗೋವಾಗ ಹಾಕ್ಕೊಂಡು ಹೋಗ್ತಾರೆ, ಹಿತ್ತಲಿಗೆ ಹೋಗೋವಾಗ ಬಿಟ್ಟು ಹೋಗ್ತಾರೆ. ಹಾಗಾಗಿ ನಾನು ಬರೆಯೋದು ಹೀಗೆ: "ಹಿತ್ತಲಿಗೆ, ಬಯಲಿಗೆ, ಶೌಚಾಲಯಕ್ಕೆ, ನೆರಳಿರೋ ಒದ್ದೆ ಮಣ್ಣಿಗೆ ಕಾಲಿಡೋ ಮೊದಲು ಚಪ್ಪಲಿ." ತೆಳ್ಳಗಿನ ಹವಾಯಿ ಚಪ್ಪಲಿ ಹಾಕ್ಕೊಂಡು ಕೆಸರಿಗೆ ಇಳಿದ್ರೆ ಕೆಸರು ಮೇಲಿಂದ ಬೆರಳ ಸಂದಿಗೆ ಬರುತ್ತೆ, ಅಲ್ಲಿ ಮುಚ್ಚಿದ ಶೂ ಅಥವಾ ಗಮ್‌ಬೂಟ್ ಬೇಕು. ಕೆಸರಲ್ಲೇ ಕೆಲಸ ಮಾಡೋರಿಗೆ ಅದು ಯಾವಾಗ್ಲೂ ಆಗೋ ಮಾತಲ್ಲ ಅನ್ನೋದೂ ನಿಜ, ಒದ್ದೆ ಮಣ್ಣಲ್ಲಿ ಬರಿಗೈ ಹಾಕಿದ್ರೂ ಮರಿ ಒಳಗೆ ಹೋಗುತ್ತೆ, ಹಾಗಾಗಿ ಅಲ್ಲಿ ಮಣ್ಣಿಗೆ ಮಲ ಬೀಳದ ಹಾಗೆ ನೋಡ್ಕೊಳ್ಳೋದೇ ದೊಡ್ಡ ಕಾವಲು.

ಇನ್ನು ಕೈ. ಇದು ದುಂಡು ಹುಳುವಿನ ದಾರಿ, 20ರಿಂದ 35 ಸೆಂಟಿಮೀಟರ್ ಉದ್ದ ಬೆಳೆಯೋ ಹುಳ, ಇದನ್ನ ಬೇಕಿದ್ರೆ ದೊಡ್ಡದಾಗೇ ಬರೀಬಹುದು. ಒಂದು ಹೆಣ್ಣು ಹುಳ ದಿನಕ್ಕೆ ಎರಡು ಲಕ್ಷದವರೆಗೆ ಮೊಟ್ಟೆ ಇಡುತ್ತೆ. ಈ ಮೊಟ್ಟೆ ಮಲದಲ್ಲಿ ಬಂದ ತಕ್ಷಣ ಏನೂ ಮಾಡಲ್ಲ, ಮಣ್ಣಲ್ಲಿ ಎರಡು ಮೂರು ವಾರ ಕೂತ ಮೇಲೇನೇ ಅದಕ್ಕೆ ಶಕ್ತಿ ಬರೋದು, ಆದ್ರೆ ಬಂದ ಮೇಲೆ ಒಳ್ಳೇ ಮಣ್ಣು ಸಿಕ್ಕಿದ್ರೆ ವರ್ಷಗಟ್ಟಲೆ ಇರುತ್ತೆ. ಹೊರಗಿನ ಪದರ ಅಂಟಂಟು, ಉಗುರಿನ ಸಂದಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಸೋಪು ಈ ಮೊಟ್ಟೆನ ಕೊಲ್ಲಲ್ಲ, ಕಿತ್ತು ನೀರಿನ ಜೊತೆ ಕಳಿಸುತ್ತೆ ಅಷ್ಟೇ, ಅದಕ್ಕೇ ಉಜ್ಜೋದು ಮುಖ್ಯ. ಸ್ಯಾನಿಟೈಸರ್ ಹಚ್ಚಿದ್ರೆ ಮೊಟ್ಟೆ ಕೈಯಲ್ಲೇ ಉಳಿಯುತ್ತೆ, ಕೈ ಮಾತ್ರ ಘಮ ಘಮ. ಒಂದು ಬೋಗುಣಿ ನೀರಲ್ಲಿ ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಕೈ ಅದ್ದಿ ತೆಗೆದ್ರೆ ಅದನ್ನ ಕೈ ತೊಳೆಯೋದು ಅನ್ನೋದಕ್ಕಿಂತ ಹುಳ ಹಂಚ್ಕೊಳ್ಳೋದು ಅನ್ನಬಹುದು, ಚೊಂಬಲ್ಲಾದ್ರೂ ಸರಿ ನೀರು ಮೇಲಿಂದ ಬೀಳಬೇಕು. ಶೌಚಕ್ಕೆ ಹೋಗಿ ಬಂದ ಮೇಲೆ, ಮಗು ಕುಂಡೆ ತೊಳೆದ ಮೇಲೆ, ಮಣ್ಣು ಮುಟ್ಟಿದ ಮೇಲೆ, ಅಡುಗೆಗೆ ಊಟಕ್ಕೆ ಕೂರೋ ಮೊದಲು. ಪೋಸ್ಟರ್‌ನಲ್ಲಿ ಆರೇಳು ಹಂತದ ಕೈ ಉಜ್ಜೋ ಚಿತ್ರ ಹಾಕೋ ಬದಲು ಒಂದು ಉಗುರು ದೊಡ್ಡದಾಗಿ ಬರೆದು ಕೆಳಗೆ "ಕತ್ತರಿಸಿ" ಅಂತ ಬರೆದ್ರೆ ಮಕ್ಕಳು ಅವತ್ತೇ ತಮ್ಮ ಉಗುರು ನೋಡ್ಕೊಳ್ತಾರೆ.

ಮೂರರಲ್ಲಿ ಪೊಳ್ಳು ಸಾಲು ಅಂದ್ರೆ "ಶುದ್ಧ ನೀರು ಕುಡೀರಿ". ಯಾರು ತಾನೇ ತಾವು ಕುಡಿಯೋದು ಗಲೀಜು ನೀರು ಅಂದ್ಕೊಂಡಿರ್ತಾರೆ? ಕಣ್ಣಿಗೆ ತಿಳಿಯಾಗಿದ್ರೆ ಶುದ್ಧ, ಮುಗೀತು. ಇನ್ನು ಕೆಲವರು ಕ್ಲೋರಿನ್ ಹಾಕಿದೀವಲ್ಲ ಅಂತ ನೆಮ್ಮದಿಯಾಗಿರ್ತಾರೆ, ಕ್ಲೋರಿನ್ ಬ್ಯಾಕ್ಟೀರಿಯಾಗೆ ಒಳ್ಳೇದೇ, ಆದ್ರೆ ದುಂಡು ಹುಳುವಿನ ಮೊಟ್ಟೆ ಕುಡಿಯೋ ನೀರಿಗೆ ಹಾಕೋ ಪ್ರಮಾಣಕ್ಕೆ ಜಗ್ಗಲ್ಲ. ಕುದಿಸಿದ್ರೆ ಸಾಯುತ್ತೆ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ. ಬಟ್ಟೇಲಿ ಸೋಸೋದು ನಾರುಹುಣ್ಣಿನ ಹುಳುವಿಗೆ ಚೆನ್ನಾಗಿ ಕೆಲಸ ಮಾಡ್ತು, ಅದು ನೀರಲ್ಲಿರೋ ಸೈಕ್ಲೋಪ್ಸ್ ಅನ್ನೋ ಸಣ್ಣ ಜೀವಿಯ ಹೊಟ್ಟೆ ಒಳಗೆ ಕೂತು ಬರ್ತಿತ್ತು, ಸೈಕ್ಲೋಪ್ಸ್ ಬಟ್ಟೇಲಿ ಸಿಕ್ಕಿಹಾಕ್ಕೊಳ್ತಿತ್ತು. ದುಂಡು ಹುಳುವಿನ ಮೊಟ್ಟೆ ಅದಕ್ಕಿಂತ ತುಂಬಾ ಸಣ್ಣದು, ಬಟ್ಟೆ ನಂಬೋ ಹಾಗಿಲ್ಲ. ಮತ್ತೆ ನೀರು ಅಂದ್ರೆ ಕುಡಿಯೋದಷ್ಟೇ ಅಲ್ಲ, ಹಸಿಯಾಗಿ ತಿನ್ನೋ ಸೊಪ್ಪು, ಗಡ್ಡೆ ತೊಳೆಯೋದೂ ನೀರೇ, ಮೊಟ್ಟೆ ಕುಡಿಯೋ ನೀರಿಗಿಂತ ಈ ದಾರೀಲೇ ಜಾಸ್ತಿ ಬರೋದು. "ಹಸಿ ತರಕಾರಿ ಧಾರಾಳ ನೀರಲ್ಲಿ ಉಜ್ಜಿ ತೊಳೀರಿ, ಸಿಪ್ಪೆ ತೆಗೀರಿ, ಇಲ್ಲ ಬೇಯಿಸಿ" ಅನ್ನೋ ಸಾಲು ಅಲ್ಲಿ ಇರ್ಲೇಬೇಕು.

ಕ್ಯಾಂಪ್‌ನಲ್ಲಿ ಕೊಡೋ ಆಲ್ಬೆಂಡಜೋಲ್ ಮಾತ್ರೆ ಬಗ್ಗೆ ಪೋಸ್ಟರ್ ಮೂಲೇಲಿ ಒಂದು ಮಾತು. ಎರಡು ವರ್ಷ ದಾಟಿದ ಮಕ್ಕಳಿಗೆ 400 ಮಿಲಿಗ್ರಾಂ, ಒಂದರಿಂದ ಎರಡು ವರ್ಷದವರಿಗೆ ಅದರ ಅರ್ಧ, ಚಿಕ್ಕವರಿಗೆ ಪುಡಿ ಮಾಡಿ ನೀರಲ್ಲಿ ಕಲಸಿ, ಇಲ್ಲಾಂದ್ರೆ ಗಂಟಲಿಗೆ ಸಿಕ್ಕಿಹಾಕ್ಕೊಳ್ಳುತ್ತೆ. ಗರ್ಭಿಣಿಯರು ಮೊದಲು ಡಾಕ್ಟರ್ ಕೇಳ್ಬೇಕು. ಮಾತ್ರೆ ಇವತ್ತು ಹೊಟ್ಟೇಲಿರೋ ಹುಳೂನ ಕೊಲ್ಲುತ್ತೆ, ನಾಳೆ ಕಾಲಿಗೆ ಹತ್ತೋದನ್ನ ತಡೆಯಲ್ಲ. ಕಳ್ಕೊಂಡ ರಕ್ತಾನೂ ವಾಪಸ್ ಕೊಡಲ್ಲ, ಬಿಳಿಚ್ಕೊಂಡಿರೋ ಮಗುವಿಗೆ ಡಾಕ್ಟರ್ ಕಬ್ಬಿಣದ ಮಾತ್ರೆ ಬೇರೆ ಬರೆದುಕೊಡ್ತಾರೆ.

ಇಷ್ಟೆಲ್ಲ ಒಂದೇ ಹಾಳೇಲಿ ತುರುಕಿದ್ರೆ ಅಕ್ಷರ ಇರುವೆ ಸಾಲಿನಷ್ಟಾಗುತ್ತೆ, ಕ್ಯೂನಲ್ಲಿ ನಿಂತೋರಿಗೆ ಕಾಣಲ್ಲ. ಅದಕ್ಕೇ ಪ್ರಿಂಟ್ ಮಾಡ್ಸೋರಿಗೆ ನಾನು ಹೇಳೋದು ಮೂರು ತುಂಡು ಮಾಡ್ಸಿ ಅಂತ. ಚಪ್ಪಲಿದು ಶೌಚಾಲಯದ ಬಾಗಿಲ ಹೊರಗೆ, ಉಗುರಿಂದು ನಲ್ಲಿ ಪಕ್ಕ, ನೀರಿಂದು ಶಾಲೆ ಅಡುಗೆಮನೆ ಗೋಡೆಗೆ, ಮಳೆ ತಾಗೋ ಕಡೆ ಇರೋದಕ್ಕೆ ಮೇಲೊಂದು ಪ್ಲಾಸ್ಟಿಕ್ ಹಾಳೆ.